ವೈರ್ ಕಾಣಬಾರದು ಎಂಬ ನಿಯಮ

ನಿವೃತ್ತಿಯಾದ ಮೇಲೆ ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಟ್ಯೂಷನ್ ಕೇಂದ್ರಕ್ಕೆ ಸೇರಿಕೊಂಡೆ. ಸಿರುಗುಪ್ಪ, ಕುರುಗೋಡು, ರೂಪನಗುಡಿ ಕಡೆಯ ಮಕ್ಕಳಿಗೆ ಅದು ಆನ್‌ಲೈನಿನಲ್ಲಿ ಪಾಠ ನಡೆಸುತ್ತಿತ್ತು. ಶಿಕ್ಷಕರನ್ನು ಆರಿಸುವುದು ನನ್ನ ಕೆಲಸ. ಅಭ್ಯರ್ಥಿ ಮನೆಯಿಂದಲೇ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು; ನಾವು ಕೇಂದ್ರದಲ್ಲಿ ಕೂತು ನೋಡುತ್ತೇವೆ. ಅದಕ್ಕೆ ಡೆಮೊ ಎನ್ನುತ್ತಿದ್ದರು.

ಸೇರಿದ ವಾರವೇ ಹನ್ನೊಂದು ನಿಯಮಗಳ ಒಂದು ಹಾಳೆ ತಯಾರಿಸಿದೆ. ಇಸ್ತ್ರಿ ಮಾಡಿದ ಬಟ್ಟೆ, ಹಿಂದೆ ಬರಿಯ ಗೋಡೆ, ಐದು ನಿಮಿಷ ಮೊದಲೇ ಹಾಜರಿ. ಮೂರನೆಯ ನಿಯಮ ಹೀಗಿತ್ತು: ‘ಮೈಮೇಲೆ ವೈರ್ ಕಾಣಬಾರದು. ವೈರ್ ಇಲ್ಲದ ಹೆಡ್‌ಫೋನ್ ಕಡ್ಡಾಯ.’ ಕಿವಿಯಿಂದ ಎದೆಯವರೆಗೆ ವೈರ್ ಜೋತುಬಿದ್ದವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮುಖ್ಯೋಪಾಧ್ಯಾಯನಾಗಿದ್ದಾಗ ಶರ್ಟಿನ ಮೇಲಿನ ಗುಂಡಿ ಹಾಕದ ಶಿಕ್ಷಕರನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ಕಳಿಸಿದವನು ನಾನು.

ಗಣಿತ ಶಿಕ್ಷಕರ ಹುದ್ದೆಗೆ ಕುರುಗೋಡಿನ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಿದ್ದಳು. ಮೂವತ್ತೈದರ ಆಸುಪಾಸು. ಅವಳು ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿತ್ತು. ಡೆಮೊ ದಿನ ಹತ್ತು ಗಂಟೆಗೆ ಐದು ನಿಮಿಷ ಇರುವಾಗಲೇ ತೆರೆಯ ಮೇಲೆ ಬಂದಳು. ಹಿಂದೆ ಸುಣ್ಣದ ಗೋಡೆ, ಕಿವಿಯ ಮೇಲೆ ಹೊಸ ಬ್ಲೂಟೂತ್ ಹೆಡ್‌ಫೋನ್. ಹನ್ನೊಂದು ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿದ್ದಳು.

ಬಾಯಿ ತೆರೆದಳು ನೋಡಿ, ಧ್ವನಿ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಮಂದವಾಗಿ ಬಂತು. ತ್ರಿಕೋನಮಿತಿ ಹೇಳುತ್ತಿದ್ದಳು. ಸಕಾರ, ಶಕಾರಗಳೆಲ್ಲ ಸವೆದುಹೋಗಿದ್ದವು.

"ಏನಮ್ಮಾ, ಬಾಯಾಗ ರೊಟ್ಟಿ ಇಟ್ಕೊಂಡು ಪಾಠ ಮಾಡ್ತೀಯೇನು?" ಎಂದೆ.

ಪಕ್ಕದಲ್ಲಿದ್ದ ಕೇಂದ್ರದ ಮಾಲೀಕರು ಹೊಟ್ಟೆ ಕುಲುಕಿಸಿ ನಕ್ಕರು. ಕಂಪ್ಯೂಟರ್ ನೋಡಿಕೊಳ್ಳುವವನೂ ನಕ್ಕ.

"ಏನ್ರಿ ಸರ್? ಸರಿಯಾಗಿ ಕೇಳವಲ್ದ್ರಿ. ನಿಮ್ಮ ಧ್ವನಿನೂ ಕೊಡದಾಗಿಂದ ಬಂದಂಗ ಐತ್ರಿ," ಎಂದಳು ಅವಳು.

"ಕೊಡ ನಿನ್ನ ಮನಿಯಾಗ ಐತಿ, ನಮ್ಮಲ್ಲಿ ಇಲ್ಲ. ಮುಂದುವರಿಸು."

ಅವಳು ದನಿ ಏರಿಸಿದಳು. ಏರಿಸಿದಷ್ಟೂ ಒಡೆಯಿತು. ಹತ್ತನೆಯ ನಿಮಿಷಕ್ಕೆ, ಅವಳು ವಾಕ್ಯದ ನಡುವೆ ಇದ್ದಾಗಲೇ, ಕರೆ ಕತ್ತರಿಸಿದೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬರೆದೆ: ‘ಧ್ವನಿ ಅಸ್ಪಷ್ಟ. ಬೋಧನೆಗೆ ಅನರ್ಹ.’ ಆ ಪಟ್ಟಿಯ ಒಂದು ಪ್ರತಿ ಸಿರುಗುಪ್ಪದ ಇನ್ನೊಂದು ಟ್ಯೂಷನ್ ಕೇಂದ್ರಕ್ಕೂ ಹೋಗುತ್ತಿತ್ತು. ನಾವು ಬೇಡವೆಂದವರ ಮೇಲೆ ಅವರು ಸಮಯ ವ್ಯರ್ಥ ಮಾಡಬಾರದೆಂಬ ಏರ್ಪಾಡು ಅದು, ಅದೂ ನನ್ನದೇ. ಏನು ಬರೆದಿದ್ದೇವೆ, ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಭ್ಯರ್ಥಿಗೂ ಸಂದೇಶದಲ್ಲಿ ತಿಳಿಸುತ್ತಿದ್ದೆವು.

ಸೋಮವಾರ ಅವಳು ಬಸ್ ಹಿಡಿದು ಬಳ್ಳಾರಿಗೆ ಬಂದಳು. ಲ್ಯಾಪ್‌ಟಾಪನ್ನೂ ಹೆಡ್‌ಫೋನನ್ನೂ ಮೇಜಿನ ಮೇಲೆ ಇಟ್ಟಳು.

"ಹನ್ನೆರಡು ವರ್ಷ ಪಾಠ ಮಾಡೀನ್ರಿ ಸರ್. ಹಿಂದಿನ ಬೆಂಚಿನ್ಯಾಗ ಕುಂತವ್ರಿಗೂ ಕೇಳ್ತಿತ್ತು. ನನ್ನ ಧ್ವನಿಗೆ ಏನಾಗೇತಿ, ಹೇಳ್ರಿ."

ಕೋಣೆ ತುಂಬಿದ ಧ್ವನಿ. ಒಂದಕ್ಷರವೂ ಜಾರಲಿಲ್ಲ. ನಾನು ಕಂಪ್ಯೂಟರಿನವನ ಮುಖ ನೋಡಿದೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಆಕಿ ಧ್ವನಿಗೆ ಏನೂ ಆಗಿಲ್ರಿ ಸರ್. ನಿಮ್ಮ ಮೂರನೇ ನಿಯಮ ಪಾಲಿಸ್ಯಾಳ, ಅಷ್ಟ," ಎಂದ.

ಅವಳ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ ಲ್ಯಾಪ್‌ಟಾಪಿನಲ್ಲಿ ಒಂದು ಹಾಡು ಹಚ್ಚಿದ. ತಬಲದ ಒಂದೊಂದು ಬೆರಳೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹಾಡು ನಡೆಯುತ್ತಿದ್ದಂತೆಯೇ ಡೆಮೊ ಕರೆ ತೆರೆದ. ಕರೆ ತಾನಾಗಿಯೇ ಹೆಡ್‌ಫೋನಿನ ಮೈಕನ್ನು ತೆಗೆದುಕೊಂಡಿತು. ಆ ಕ್ಷಣವೇ ಹಾಡು ಕುಗ್ಗಿ, ಹಳೆಯ ಫೋನಿನೊಳಗಿಂದ ಬಂದಂತಾಯಿತು.

"ಹಾಡು ಕೇಳುವಾಗ ಧ್ವನಿ ಒಂದ ಕಡಿ ಹೋಗ್ತೈತ್ರಿ, ಲ್ಯಾಪ್‌ಟಾಪಿಂದ ಕಿವಿಗೆ. ಬ್ಲೂಟೂತಿನ ಜಾಗ ಎಲ್ಲಾ ಅದಕ್ಕ. ಹೆಡ್‌ಫೋನಿನ ಮೈಕ್ ತಗೊಂಡ್ರ ಅದು ಫೋನ್ ಕರೆಯ ಪದ್ಧತಿಗೆ ಬದಲಾಗ್ತೈತಿ. ಹೋಗೂ ಧ್ವನಿ, ಬರೂ ಧ್ವನಿ ಎರಡೂ ಇರೋ ಸಣ್ಣ ಜಾಗದಾಗ ತೂರ್ಬೇಕು. ಸ, ಶ ಅಂಥ ಚೂಪು ಧ್ವನಿ ಎಲ್ಲಾ ಕತ್ತರಿಸಿಬಿಡ್ತೈತಿ. ಅದಕ್ಕ ಆಕಿಗೆ ನೀವೂ ಕೊಡದಾಗಿಂದ ಕೇಳಿದ್ದು."

ಆಮೇಲೆ ಕರೆಯ ಸೆಟ್ಟಿಂಗ್ಸ್ ತೆರೆದು ಮೈಕಿನ ಪಟ್ಟಿಯಲ್ಲಿ ಹೆಡ್‌ಫೋನ್ ಬಿಟ್ಟು ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿದ. ಕೇಳುವುದಕ್ಕೆ ಮಾತ್ರ ಹೆಡ್‌ಫೋನನ್ನೇ ಉಳಿಸಿದ. ಒಂದೆರಡು ಕ್ಷಣಕ್ಕೆ ತಬಲ ಮತ್ತೆ ಅರಳಿತು. ಅವಳಿಗೆ ಮಾತಾಡಲು ಹೇಳಿ, ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ನನಗೆ ಕೇಳಿಸಿದ. ಅದೇ ತ್ರಿಕೋನಮಿತಿ, ಅದೇ ವಾಕ್ಯಗಳು. ಈ ಸಲ ಒಂದೊಂದು ಸಕಾರವೂ ಚಾಕುವಿನ ಅಂಚಿನಂತೆ ಬಂತು.

"ವೈರಿನ ಇಯರ್‌ಫೋನ್ ಇದ್ರ ಈ ತಾಪತ್ರಯನ ಇರೂದಿಲ್ರಿ," ಎಂದ.

"ನಿನಗ ಮೊದ್ಲ ಗೊತ್ತಿತ್ತೇನು?"

"ಗೊತ್ತಿತ್ರಿ. ನಿಯಮ ಬರೆಯುವಾಗ ಹೇಳಾಕ ಬಂದಿದ್ದೆ. ‘ನಿನ್ನ ಕೆಲಸ ನೀ ನೋಡು’ ಅಂದ್ರಿ. ನನ್ನ ಕೆಲಸ ನಾ ನೋಡಿದೆ."

ಅಷ್ಟರಲ್ಲಿ ಮಾಲೀಕರು ಬಂದರು. ಹುದ್ದೆ ತುಂಬಿಯಾಗಿದೆ ಎಂದರು. ಅದನ್ನು ಪಡೆದವನು ಕುಡತಿನಿಯ ಒಬ್ಬ. ಅವನು ವೈರಿನ ಇಯರ್‌ಫೋನನ್ನು ಕಾಲರಿನ ಹಿಂದಿನಿಂದ ತೂರಿಸಿ, ನಮಗೆ ಕಾಣದಂತೆ ಕೂತಿದ್ದನಂತೆ. ಕಂಪ್ಯೂಟರಿನವನು ಅದನ್ನೂ ಆಗಲೇ ಹೇಳಿ ನಕ್ಕ.

ಅವಳು ನಗಲಿಲ್ಲ. "ಕೆಲಸ ಹೋದ್ರ ಹೋಗ್ಲಿರಿ. ಆ ಪಟ್ಟಿಯಾಗ ಬರ್ದದ್ದು ತೆಗೀರಿ. ಸಿರುಗುಪ್ಪದಾಗ ಒಂದು ಜಾಗ ಐತಿ. ಅದನ್ನ ನೋಡಿದ್ರ ಅವ್ರು ನನ್ನ ಡೆಮೊಕ್ಕೂ ಕರಿಯಂಗಿಲ್ಲ."

ಮಾಲೀಕರು ಆ ತಿಂಗಳ ಪಟ್ಟಿಯನ್ನು ತಿರುವಿದರು. ಧ್ವನಿ ಅಸ್ಪಷ್ಟ ಎಂದು ಹೊರಬಿದ್ದವರು ಇನ್ನೂ ಒಂಬತ್ತು ಮಂದಿ ಇದ್ದರು.

"ಒಂದು ತಿದ್ದಿದ್ರ ಒಂಬತ್ತು ಮಂದಿ ಬಾಗಿಲಿಗೆ ಬರ್ತಾರ, ತಂಗೆವ್ವಾ. ಸರ್ ಅವ್ರ ಬರ್ದಾರ, ಸರ್ ಅವ್ರನ್ನ ಕೇಳು," ಎಂದು ನನ್ನ ಕಡೆ ತಿರುಗಿದರು.

ಒಂದು ಸಾಲು ಬರೆದರೆ ಸಾಕಿತ್ತು: ದೋಷ ಮೈಕಿನದು, ನಿಯಮ ನನ್ನದು. ಪೆನ್ನು ಜೇಬಿನಲ್ಲೇ ಇತ್ತು.

"ಪಟ್ಟಿ ಕಳಿಸಿ ಆಗೇತಮ್ಮಾ," ಎಂದೆ. "ಕಳಿಸಿದ್ದನ್ನ ತಿದ್ದೋ ಪದ್ಧತಿ ಇಲ್ಲ."

ಅವಳು ಹೆಡ್‌ಫೋನನ್ನು ಕೈಗೆತ್ತಿಕೊಂಡಳು. "ಹೆಡ್‌ಫೋನ್ ಅಕ್ಕನ ಮಗಳದ್ರಿ," ಎಂದಳು, ಯಾರಿಗೆ ಹೇಳಿದಳೋ. ಅದನ್ನು ಪೆಟ್ಟಿಗೆಯೊಳಗೆ ಮೊದಲಿನಂತೆಯೇ ಮಡಿಸಿಟ್ಟು, ಲ್ಯಾಪ್‌ಟಾಪ್ ಎತ್ತಿಕೊಂಡು ಹೋದಳು.

ಆ ಸಂಜೆಯೇ ಮೂರನೆಯ ನಿಯಮ ಬದಲಿಸಿದೆ. ‘ವೈರ್ ಇಲ್ಲದ ಹೆಡ್‌ಫೋನ್ ಇದ್ದಲ್ಲಿ ಕೇಳುವುದಕ್ಕೆ ಮಾತ್ರ ಬಳಸಿ, ಮೈಕ್ ಲ್ಯಾಪ್‌ಟಾಪಿನದನ್ನು ಆರಿಸಬೇಕು. ವೈರಿನ ಇಯರ್‌ಫೋನಿಗೂ ಅನುಮತಿ ಇದೆ.’ ಯಾಕೆ ಬದಲಾಯಿತೆಂದು ಬರೆಯಲಿಲ್ಲ.

ಎರಡು ವಾರ ಕಳೆದ ಮೇಲೆ ಸಿರುಗುಪ್ಪ ಕೇಂದ್ರದ ಮುಖ್ಯಸ್ಥರು ಫೋನ್ ಮಾಡಿದರು.

"ಸರ್, ಕುರುಗೋಡಿನ ಗಣಿತದ ಮೇಡಂ ಒಬ್ರು ಅರ್ಜಿ ಹಾಕ್ಯಾರ. ಪಟ್ಟಿಯಾಗ ಧ್ವನಿ ಸರಿ ಇಲ್ಲ ಅಂತ ಬರ್ದೀರಿ. ಫೋನಿನ್ಯಾಗ ಮಾತಾಡಿದ್ರ ಚಲೋನ ಅದಾರಲ್ರಿ. ಹೆಡ್‌ಫೋನ್ ದೋಷ ಅಂತಾರ. ಹೌದೇನ್ರಿ?"

ಕಂಪ್ಯೂಟರಿನವನು ಕೀಲಿಮಣೆಯ ಮೇಲಿನ ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದ. ಹೌದು ಎಂದರೆ, ಯಾರ ನಿಯಮದಿಂದ ಎಂದು ಅವರು ಕೇಳುತ್ತಾರೆ. ಮೂವತ್ತಾರು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಎಲ್ಲಾರೂ ಹಂಗ ಅಂತಾರ್ರಿ," ಎಂದೆ. "ಪಟ್ಟಿಯಾಗ ಏನೈತಿ, ಅದ ಸರಿ."

"ಆತು ಬಿಡ್ರಿ ಹಂಗಾರ."

ಫೋನ್ ಇಟ್ಟಾಗ ಹತ್ತು ಗಂಟೆಗೆ ಇನ್ನೂ ಎರಡು ನಿಮಿಷ ಇತ್ತು. ಅಂದು ನಾಲ್ಕು ಡೆಮೊ. ನಾಲ್ವರೂ ಹೊಸ ನಿಯಮದಂತೆ ಮೈಕ್ ಬದಲಿಸಿಕೊಂಡು ಕೂತಿದ್ದರು. ಎಲ್ಲರ ಧ್ವನಿಯೂ ಸ್ಪಷ್ಟವಾಗಿತ್ತು. ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿದವು.