ಬಿಂಬ್ಲಿ ರಸದಲ್ಲಿ ನೆನೆದ ಮೊಳೆಗಳು

ಅವರ್ಸಾದ ಹತ್ತಿರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕನಾಗಿದ್ದ ವರ್ಷದ್ದು ಈ ನೆನಪು. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಹಾಗಾಗಿ ಇದನ್ನು ಬರೆಯುವ ಮೊದಲು ಕಾರವಾರದ ಮನೆಯ ಅಡುಗೆಕಟ್ಟೆಯ ಮೇಲೆ ಆ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಿದೆ. ಲೋಹಗಳು ಆ ದಿನ ನಡೆದುಕೊಂಡಂತೆಯೇ ನಡೆದುಕೊಂಡವು. ಮಾತುಗಳ ಬಗ್ಗೆ ಮಾತ್ರ ಪ್ರಮಾಣ ಮಾಡಲಾರೆ.

ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಹೆಡ್ ಅಕ್ಕೋರಿಗೆ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿಗೆ, ನನ್ನ ಪಾಠ ಹಿಡಿಸಿರಲಿಲ್ಲ. "ಮಾಸ್ತರ್ರೇ, ನೀವು ಹೇಳೂದು ನಿಮಗೊಬ್ಬರಿಗೇ ತಿಳೀತದೆ" ಎಂದಿದ್ದರು. ಮುಂದಿನ ವರ್ಷಕ್ಕೆ ನನ್ನ ಹೆಸರು ಕಳಿಸಬೇಕೋ ಬೇಡವೋ ಎಂಬುದನ್ನು ಒಂದು ಪಾಠ ಕೂತು ನೋಡಿ ಹೇಳುವೆನೆಂದರು. ನಾನು ವಿದ್ಯುತ್ ಕೋಶವನ್ನು ಆರಿಸಿಕೊಂಡೆ.

ಸಾಮಾನು ಕಡಿಮೆ. ಸತುವಿನ ಲೇಪ ಇರುವ ನಾಲ್ಕು ಮೊಳೆ, ನಾಲ್ಕು ತುಂಡು ತಾಮ್ರದ ತಂತಿ, ಸಣ್ಣ ಕೆಂಪು ಎಲ್‌ಇಡಿ. ನಿಂಬೆಹಣ್ಣಿನ ಬದಲು ಶಾಲೆಯ ಹಿಂದಿನ ಮರದ ಬಿಂಬ್ಲಿಕಾಯಿ, ನಮ್ಮ ಕಡೆ ಮೀನುಸಾರಿಗೆ ಹಾಕುವ ಹುಳಿ. ಅದರ ರಸ ಹಾಕಲು ನಾಲ್ಕು ತೆಂಗಿನ ಗೆರಟೆ. ತಾಮ್ರ ಕಪ್ಪಾಗಿತ್ತು. ಹಿಂದಿನ ದಿನ ಮಧ್ಯಾಹ್ನ ತಂತಿ, ಮೊಳೆ ಎರಡೂ ಇದ್ದ ಪೊಟ್ಟಣವನ್ನು ಬಿಸಿಯೂಟ ಮಾಡುವ ಅಕ್ಕನ ಕೈಗೆ ಕೊಟ್ಟು, "ತಂತಿ ಸ್ವಲ್ಪ ಬೆಳಗಿ ಕೊಡಿ" ಎಂದೆ. ಹಬ್ಬದ ಮುಂಚೆ ತಾಮ್ರದ ಹಂಡೆ, ಚೊಂಬುಗಳನ್ನು ಬಿಂಬ್ಲಿ ಹಚ್ಚಿ ಕನ್ನಡಿಯಂತೆ ಮಾಡುವ ಕೈ ಅದು.

ಮರುದಿನ ಎಂಟನೇ ತರಗತಿ. ಹಿಂದಿನ ಬೆಂಚಿನಲ್ಲಿ ಹೆಡ್ ಅಕ್ಕೋರು. ಪ್ರತಿ ಗೆರಟೆಯಲ್ಲಿ ಒಂದು ಮೊಳೆ, ಒಂದು ತಂತಿ. ಒಂದು ಗೆರಟೆಯ ಮೊಳೆಗೆ ಮುಂದಿನ ಗೆರಟೆಯ ತಾಮ್ರವನ್ನು ಜೋಡಿಸುತ್ತ ಹೋದೆ. ಕೊನೆಗೆ ಎಲ್‌ಇಡಿ. ಬೆಳಗಲಿಲ್ಲ. ತಿರುಗಿಸಿ ಹಾಕಿದೆ. ಆಗಲೂ ಇಲ್ಲ.

"ಕರೆಂಟ್ ಹೋಗ್ಯದೆ ಸರ್" ಎಂದಿತು ಒಂದು ಮಗು. ಇಡೀ ಕ್ಲಾಸು ನಕ್ಕಿತು. ಅಕ್ಕೋರು ನಗಲಿಲ್ಲ.

ನನ್ನ ಬೆವರು ನೋಡಿಯೋ ಏನೋ, ಬಾಗಿಲಲ್ಲಿ ನಿಂತಿದ್ದ ಅಡುಗೆಯ ಅಕ್ಕ ಒಳಗೆ ಬಂದರು. "ಮಾಸ್ತರ್ರೇ, ಒಂದು ಮಾತು. ಬೈಬೇಡಿ. ಬರೀ ತಂತಿ ಯಾಕೆ, ಮೊಳೆನೂ ಲಖಲಖ ಮಾಡುವಾ ಅಂತ ಎರಡನ್ನೂ ಒಂದೇ ಬೋಗುಣಿಲಿ ಬಿಂಬ್ಲಿ ರಸದಾಗೆ ಮುಳುಗಿಸಿಟ್ಟಿದ್ದೆ. ತಂತಿ ಚಂದ ಆಯ್ತು. ಮೊಳೆ ನೊರೆ ಬಿಡ್ತಾ ಬಿಡ್ತಾ ಬೆಳಿಗ್ಗೆ ನೋಡೂದ್ರೊಳಗೆ ಕಪ್ಪಾಗೋಗಿತ್ತು."

ಮೊಳೆಯನ್ನು ಬೆಳಕಿಗೆ ಹಿಡಿದೆ. ಬೂದು ಬಣ್ಣದ ಲೇಪ ಇರಲೇ ಇಲ್ಲ; ಬರೀ ಕಬ್ಬಿಣ. ಬೆಳಿಗ್ಗೆ ಕೈಗೆ ಬಂದಾಗಲೇ ನೋಡಬೇಕಿತ್ತು. ಪುಸ್ತಕ ಓದಿದವನು ನಾನು, ನೋಡಿದವರು ಅವರು.

ಆಮೇಲೆ ನಾನು ಪುಸ್ತಕ ಮುಚ್ಚಿ ಮಾತಾಡಿದೆ. "ಅಕ್ಕನ ಬೋಗುಣಿಯಲ್ಲಿ ನಿನ್ನೆಯೇ ಪಾಠ ನಡೆದುಹೋಗಿದೆ. ಎಲ್ಲ ಲೋಹದಲ್ಲೂ ಎಲೆಕ್ಟ್ರಾನ್ ಎಂಬ ಸಣ್ಣ ಕಣಗಳಿವೆ. ಸತು ಅವನ್ನು ಬೇಗ ಬಿಟ್ಟುಕೊಡುತ್ತದೆ, ತಾಮ್ರಕ್ಕೆ ಆ ಆತುರ ಇಲ್ಲ. ಹುಳಿಯಲ್ಲಿ ಸತು ಕರಗುತ್ತ ಹೋಗುವಾಗ ತನ್ನ ಎಲೆಕ್ಟ್ರಾನ್‌ಗಳನ್ನು ಮೊಳೆಯಲ್ಲೇ ಬಿಟ್ಟುಹೋಗುತ್ತದೆ. ಅವು ರಸದೊಳಗೆ ಈಜಿ ಹೋಗಲಾರವು. ತಂತಿ ಸಿಕ್ಕರೆ ಅದರಲ್ಲಿ ತಾಮ್ರಕ್ಕೆ ಓಡುತ್ತವೆ. ಅಲ್ಲಿ ಹುಳಿಯೊಳಗಿನ ಹೈಡ್ರೋಜನ್ ಅವನ್ನು ತೆಗೆದುಕೊಂಡು ಗುಳ್ಳೆಯಾಗುತ್ತದೆ. ಆ ಓಟವೇ ವಿದ್ಯುತ್."

"ಹಂಗಾರೆ ಬೋಗುಣಿಲಿ ಲೈಟ್ ಯಾಕೆ ಬರ್ಲಿಲ್ಲ?" ಅಕ್ಕನೇ ಕೇಳಿದರು.

"ಮೊಳೆ, ತಂತಿ ಒಂದಕ್ಕೊಂದು ತಾಗಿಕೊಂಡೇ ಬಿದ್ದಿದ್ದವಲ್ಲ. ಎಲೆಕ್ಟ್ರಾನ್ ಅಲ್ಲೇ ದಾಟಿಹೋದವು. ನಡುವೆ ದೀಪ ಇಡಲು ಜಾಗ ಎಲ್ಲಿತ್ತು? ಸತು ಮಾತ್ರ ಸವೆದುಹೋಯಿತು."

"ಕಬ್ಬಿಣವೂ ಬೇರೆ ಲೋಹವೇ ಅಲ್ಲವೇ?" ಅಕ್ಕೋರ ಮೊದಲ ಪ್ರಶ್ನೆ.

"ಹೌದು ಅಕ್ಕೋರೆ, ತಾಮ್ರದ ಜೊತೆ ಅದೂ ಕೆಲಸ ಮಾಡುತ್ತದೆ. ಆದರೆ ತಳ್ಳುವ ಬಲ ಸತುವಿನ ಅರ್ಧದಷ್ಟು. ದೀಪಕ್ಕೆ ಸಾಲದು."

ಅಡುಗೆಯ ಅಕ್ಕ ಅಷ್ಟರಲ್ಲಿ ಕಾಣೆಯಾಗಿದ್ದರು. ಅಡುಗೆಮನೆಗೆ ತಗಡು ಹೊದೆಸಿದಾಗ ಉಳಿದಿದ್ದ ಮೊಳೆಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದರು. "ಇವನ್ನ ನಾ ಮುಟ್ಟಿದ್ದೂ ಇಲ್ಲ, ತೊಳೆದದ್ದೂ ಇಲ್ಲ!"

ಸತುವಿನ ಲೇಪ ಹಾಗೇ ಇದ್ದ ಆ ಹೊಸ ಮೊಳೆ ಹಾಕಿ, ಕಿಟಕಿ ಮುಚ್ಚಿಸಿದೆ. ಕೆಂಪು ಚುಕ್ಕೆಯೊಂದು ಮಂದವಾಗಿ ಬೆಳಗಿತು. ಮಕ್ಕಳು ಕೂಗಿದರೋ, ಸುಮ್ಮನಾದರೋ? ನನಗೆ ಎರಡೂ ನೆನಪಿದೆ, ಎರಡೂ ಒಟ್ಟಿಗೆ ಸಾಧ್ಯವಿಲ್ಲ.

ಅಕ್ಕೋರು ಎದ್ದು ಬಂದು ದೀಪ ನೋಡಿ ಅಡುಗೆಯ ಅಕ್ಕನಿಗೆ ಹೇಳಿದರು: "ಉಳಿದ ಮೊಳೆ ಕಟ್ಟಿಡು. ಮುಂದಿನ ವರ್ಷ ಮಾಸ್ತರಿಗೆ ಬೇಕಾಗ್ತದೆ."

ಆ ಶಾಲೆಯಲ್ಲಿ ಇನ್ನೂ ಎರಡು ವರ್ಷ ಇದ್ದೆ. ಮೊನ್ನೆ ಮನೆಯಲ್ಲಿ ಮೀಟರು ಹಿಡಿದು ಅಳೆದೆ. ಒಂದು ಗೆರಟೆಗೆ ಸತುವಿನದು ಒಂದು ವೋಲ್ಟಿಗೆ ಸ್ವಲ್ಪ ಕಡಿಮೆ, ಕಬ್ಬಿಣದ್ದು ಅದರ ಅರ್ಧ. ಅಂದು ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತ ಆಕೆ ತನ್ನ ತಪ್ಪನ್ನು ಮುಚ್ಚಿಟ್ಟಿದ್ದರೆ ಅದನ್ನು ಹೇಳುವ ಹೊತ್ತು ನನಗೆ ಬರುತ್ತಿರಲಿಲ್ಲ. ಇಷ್ಟನ್ನು ಮಾತ್ರ ನಾನು ಸಂಶಯಿಸುವುದಿಲ್ಲ.