ಬಟ್ಟೆಗೆ ನಿಲ್ಲದ ಧೂಳು

ನನ್ನವರು ಹನ್ನೊಂದು ವರ್ಷದಿಂದ ಕಲ್ಲು ಕೊಯ್ಯುವ ಶೆಡ್ಡಿನಲ್ಲಿದ್ದಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟದೆ ಮಿಷನ್ನು ಮುಟ್ಟಿದವರಲ್ಲ. ಸಂಜೆ ಅದನ್ನು ಕೊಡವಿ, "ನೋಡೇ, ಇಷ್ಟನ್ನೂ ಬಾಗಿಲಲ್ಲೇ ತಡೆದೆ" ಎಂದು ತೋರಿಸುತ್ತಿದ್ದರು. ಒಗೆದ ನೀರು ಬೆಳ್ಳಗಾದಷ್ಟೂ ನನಗೆ ಸಮಾಧಾನ.

ಈಚೆಗೆ ಮಗಳನ್ನೆತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತಿದರೆ ಇವರಿಗೆ ಏದುಸಿರು. ಇವತ್ತು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಎಕ್ಸ್-ರೇ ನೋಡಿ ಸಿಲಿಕೋಸಿಸ್, ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಎಂದರು.

"ನಾನು ಬಟ್ಟೆ ಕಟ್ತಿದ್ನಲ್ಲ ಮೇಡಂ?"

"ಬಟ್ಟೆ ಹಿಡಿಯೋದು ದಪ್ಪ ಧೂಳು. ಅದು ಒಳಗೆ ಹೋಗಿದ್ರೂ ಹೆಚ್ಚಿನದು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ತಿತ್ತು. ಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲೂ ಇಲ್ಲದ್ದು ಕಣ್ಣಿಗೆ ಕಾಣಲ್ಲ, ಬಟ್ಟೆಗೂ ನಿಲ್ಲಲ್ಲ. ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗಿ ಕೂತು ಕಲೆ ಕಟ್ಟಿಸುತ್ತೆ. ಆ ಕಲೆ ಹೋಗಲ್ಲ. ಕೆಲಸ ಇವತ್ತಿಗೇ ಬಿಡಿ."

ಇವರು, "ಅಂದ್ರೆ ಜರಡಿ ಹಿಡಿದು ನುಣ್ಣಗಿರೋದನ್ನೇ ಒಳಗೆ ಬಿಟ್ಕೊಂಡಿದ್ದೀನಿ" ಎಂದರು. ಯಾರೂ ನಗಲಿಲ್ಲ.

ಮನೆಗೆ ಬಂದು ಮಗಳಿಗೆ ಊಟ ಮಾಡಿಸಿದೆ. ಇವರು ಫೋನನ್ನು ನನ್ನ ಕೈಗಿಟ್ಟರು.

"ಮೇಸ್ತ್ರಿಗೆ ನೀನೇ ಹೇಳು. ಅವನು ವಾದಕ್ಕೆ ನಿಲ್ತಾನೆ, ನನ್ನ ಹತ್ರ ಅಷ್ಟು ಉಸಿರಿಲ್ಲ."

ನಾಳೆಯಿಂದ ಅವರು ಬರುವುದಿಲ್ಲ ಎಂದೆ. ಎಷ್ಟು ದಿನ ರಜೆ ಎಂದು ಮೇಸ್ತ್ರಿ ಕೇಳಿದ. ರಜೆಯಲ್ಲ ಎಂದು ಹೇಳಿ, ಮಗಳ ಬಾಯಿ ಒರೆಸಿದೆ.