ಗೋಡೆಯ ಮೇಲೆ ಇಲ್ಲದವರು

ನಾನು ನಿಂತಿದ್ದು ವೇದಿಕೆಯ ಎಡಕ್ಕೆ, ಸೌಂಡ್ ಮಿಕ್ಸರ್ ಇಟ್ಟಿದ್ದ ಮೇಜಿನಿಂದ ಎರಡು ಮಾರು ದೂರದಲ್ಲಿ. ಊರು ಹಿರಿಯೂರು, ಒಂದು ಕಾಲೇಜಿನ ಮೈದಾನದಲ್ಲಿ ನಮ್ಮ ತಂಡದ ಕಾರ್ಯಕ್ರಮ. ಏಳು ವರ್ಷದ ಹಿಂದಿನ ಫೆಬ್ರವರಿಯ ಶನಿವಾರ, ಸಂಜೆ ಆರು ಹತ್ತು. ಆರೂವರೆಗೆ ಪ್ರಾಂಶುಪಾಲರ ಭಾಷಣವಿದ್ದುದರಿಂದ ಗಡಿಯಾರ ನೋಡುತ್ತಲೇ ಇದ್ದೆ. ಮೇಜಿನ ಹಿಂದೆ ಈರಣ್ಣ ಕೂತಿದ್ದ.

ಹೊಳಲ್ಕೆರೆಯಲ್ಲಿ ಮೈಕು, ಬಾಕ್ಸುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅವನದು. ಮನೆತನ ರಾಮಗಿರಿ ಕಡೆಯ ಕುರಿ ಸಾಕುವವರದು. ಮೈಕು ಪರೀಕ್ಷಿಸುವಾಗ ಎಲ್ಲರೂ ‘ಹಲೋ ಹಲೋ’ ಎಂದರೆ ಅವನು ಕುರಿ ಕರೆಯುವ ಹಾಗೆ ನಾಲಿಗೆ ಹೊರಳಿಸಿ ‘ಟ್ರ್ರ್ ಬಾ’ ಎನ್ನುತ್ತಿದ್ದ. ನಗಿಸುವುದಕ್ಕಲ್ಲ. ಆ ಸದ್ದು ಸರಿಯಾಗಿ ಹೊರಟರೆ ಮಿಕ್ಕಿದ್ದೆಲ್ಲ ಸರಿ ಎಂಬುದು ಅವನ ಲೆಕ್ಕ. ನಕ್ಕವರನ್ನು ಬೈಯುತ್ತಿದ್ದ. ನಗದವರನ್ನೂ ಬೈಯುತ್ತಿದ್ದ. ನಾಲ್ಕು ವರ್ಷದ ಒಡನಾಟದಲ್ಲಿ ಅವನು ನನ್ನನ್ನು ಒಮ್ಮೆಯೂ ‘ಚೆನ್ನಾಗಿದ್ದೀಯಾ’ ಎಂದು ಕೇಳಲಿಲ್ಲ.

ಚಿತ್ರದುರ್ಗದಲ್ಲಿ ನನ್ನದು ಫೋಟೋ ಸ್ಟುಡಿಯೋ. ಅದರ ಮೇಲಿನ ಕೋಣೆಯಲ್ಲಿ ನಮ್ಮ ರಾಕ್ ತಂಡದ ಅಭ್ಯಾಸ ನಡೆಯುತ್ತಿತ್ತು. ಗಿಟಾರ್ ನುಡಿಸಿ ಹಾಡುತ್ತಿದ್ದವನು ಹೊಸದುರ್ಗದ ಮಂಜುನಾಥ. ಬೇಸ್ ಗಿಟಾರ್ ಬಸವರಾಜನದು. ಪೋಸ್ಟರು, ಲೈಟು, ಓಡಾಟ ನನ್ನದು. ಕೋಣೆಯ ಒಂದು ಗೋಡೆಯ ಮೇಲೆ ಇಪ್ಪತ್ತೇಳನೇ ವಯಸ್ಸಿನಲ್ಲಿ ಸತ್ತ ವಿದೇಶಿ ಗಾಯಕರ ಫೋಟೋಗಳಿದ್ದವು. ಕೊನೆಯಲ್ಲಿ ಒಂದು ಖಾಲಿ ಚೌಕಟ್ಟು. ಅದು ತನ್ನದು ಎಂದು ಮಂಜ ಹೇಳುತ್ತಿದ್ದ. ಮೊದಲು ನಗುತ್ತಾ ಹೇಳುತ್ತಿದ್ದ. ಇಪ್ಪತ್ತೇಳು ತುಂಬಿದ ಮೇಲೆ ನಗುವುದನ್ನು ಬಿಟ್ಟ. ಮಧ್ಯಾಹ್ನದಿಂದಲೇ ಕುಡಿಯತೊಡಗಿದ. ಬೈಕಿನ ಹೆಡ್‌ಲೈಟ್ ಒಡೆದಿದ್ದರೂ ಸರಿ ಮಾಡಿಸಲಿಲ್ಲ. ‘ಇನ್ನೆಷ್ಟು ದಿನಕ್ಕೆ’ ಎನ್ನುತ್ತಿದ್ದ.

ಆ ಫೋಟೋಗಳನ್ನು ಹುಡುಕಿ, ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿಸಿದವನು ನಾನು. ಇದನ್ನು ಇಲ್ಲಿಯೇ ಬರೆಯಬೇಕು. ಹುಡುಕುವಾಗ ಇಪ್ಪತ್ತಾರಕ್ಕೆ ಸತ್ತವರು ಸಿಕ್ಕಿದ್ದರು, ಇಪ್ಪತ್ತೆಂಟಕ್ಕೆ, ಮೂವತ್ಮೂರಕ್ಕೆ ಸತ್ತವರೂ ಸಿಕ್ಕಿದ್ದರು. ಅವರನ್ನೆಲ್ಲ ಬಿಟ್ಟೆ. ಗೋಡೆಗೆ ಅವರು ಹೊಂದುತ್ತಿರಲಿಲ್ಲ.

ಕಾರ್ಯಕ್ರಮಕ್ಕೆ ಎರಡು ವಾರ ಮುಂಚೆ ಈರಣ್ಣ ತನ್ನ ಆಂಪ್ಲಿಫೈಯರ್ ವಾಪಸ್ ಒಯ್ಯಲು ಬಂದ. ಗೋಡೆ ನೋಡಿದ. ಖಾಲಿ ಚೌಕಟ್ಟು ಯಾರದು ಎಂದು ಕೇಳಿದ. ಮಂಜ ಹೇಳಿದ.

“ಬದುಕಿರೋರ್ದು ಎಲ್ಲೈತಲೇ?” ಎಂದ ಈರಣ್ಣ.

ಆಂಪ್ಲಿಫೈಯರ್ ಮೇಲೆಯೇ ಕುಂತ. ನಮ್ಮ ಬಳಿ ಇದ್ದ ಹಳೆಯ ಕ್ಯಾಸೆಟ್ಟು, ಸೀಡಿಗಳನ್ನೆಲ್ಲ ಕೆಳಗೆ ಸುರಿಸಿದ. ಹೊದಿಕೆಯ ಮೇಲಿದ್ದ ಒಂದೊಂದು ಹೆಸರನ್ನೂ ಬಸವರಾಜ ಓದಬೇಕು, ನಾನು ಫೋನಿನಲ್ಲಿ ಹುಡುಕಬೇಕು. ಡ್ರಮ್ ಬಾರಿಸಿದವನು, ಹೆಸರೇ ಕೇಳಿಲ್ಲದ ಕೀಬೋರ್ಡಿನವನು, ಯಾರನ್ನೂ ಬಿಡುವ ಹಾಗಿಲ್ಲ. ಅವನು ಒಂದು ಹಾಳೆಯಲ್ಲಿ ಬರೆದುಕೊಂಡ, ಸತ್ತವರ ವಯಸ್ಸು ಒಂದು ಸಾಲು, ಬದುಕಿರುವವರ ವಯಸ್ಸು ಇನ್ನೊಂದು ಸಾಲು. ಮೂರು ತಾಸು ಹಿಡಿಯಿತು. ಬದುಕಿರುವವರ ಸಾಲು ಹಾಳೆ ದಾಟಿ ಹಿಂಬದಿಗೆ ಹೋಯಿತು. ಎಪ್ಪತ್ತು ದಾಟಿದವರು, ಎಂಬತ್ತರ ಹತ್ತಿರದವರು, ಇನ್ನೂ ಊರೂರು ತಿರುಗಿ ನುಡಿಸುವವರು. ಸತ್ತವರ ಸಾಲಿನಲ್ಲಿ ಇಪ್ಪತ್ತೇಳು ಇತ್ತು. ಆದರೆ ಅದರ ಆಚೀಚೆಯ ವಯಸ್ಸುಗಳಿಗಿಂತ ಹೆಚ್ಚೇನೂ ಇರಲಿಲ್ಲ.

ಹಾಗಾದರೆ ಗಾಯಕರು ಇಪ್ಪತ್ತೇಳಕ್ಕೇ ಸಾಯುತ್ತಾರೆ ಎಂಬ ಮಾತು ಹುಟ್ಟಿದ್ದು ಹೇಗೆ ಎಂದು ಬಸವರಾಜ ಕೇಳಿದ. ಫೋನಿನಲ್ಲಿ ಅದೂ ಸಿಕ್ಕಿತು. ಐವತ್ತು ವರ್ಷಗಳ ಹಿಂದೆ, ಎರಡು ವರ್ಷದ ಅವಧಿಯಲ್ಲಿ, ಬಹಳ ಹೆಸರಾದ ನಾಲ್ವರು ಇಪ್ಪತ್ತೇಳಕ್ಕೇ ಸತ್ತಿದ್ದರು. ಅದು ಆಕಸ್ಮಿಕ. ಎರಡು ದಶಕ ಕಳೆದ ಮೇಲೆ ಅಷ್ಟೇ ಹೆಸರಾದ ಇನ್ನೊಬ್ಬ ಅದೇ ವಯಸ್ಸಿಗೆ ಸತ್ತ. ಆಗ ಪತ್ರಿಕೆಗಳು ಹಿಂದಕ್ಕೆ ಹೋಗಿ ಆ ವಯಸ್ಸಿನವರನ್ನೇ ಹುಡುಕಿ ಸೇರಿಸಿದವು. ಅರ್ಧ ಮರೆತುಹೋಗಿದ್ದವರಿಗೂ ಆ ಅಂಕಿಯಿಂದಲೇ ಹೆಸರು ಬಂತು. ಹೆಸರು ಬಂದದ್ದರಿಂದ ಪಟ್ಟಿ ಇನ್ನೂ ನಿಜವೆನಿಸಿತು.

ಮಂಜ ಸೋಲಲಿಲ್ಲ. ಹಳೆಯ ಸಂಗೀತದವರು ಬಾಳಿರಬಹುದು, ನಮ್ಮ ಬಗೆಯ ಹೊಸ ಸಂಗೀತದವರನ್ನು ನೋಡು, ಸತ್ತವರೆಲ್ಲ ಚಿಕ್ಕವರೇ ಎಂದ.

ಅದಕ್ಕೆ ಈರಣ್ಣ ಹೇಳಿದ್ದು ಇಂದಿಗೂ ನನಗೆ ಹಾಗೇ ನೆನಪಿದೆ. “ನಮ್ಮಪ್ಪ ಒಂದ್ಸಲ ಹೊಸ ಜಾತಿ ಕುರಿಮರಿ ತಂದು ರೊಪ್ಪಕ್ಕೆ ಬಿಟ್ಟಿದ್ದ. ಎರಡು ವರ್ಷ ಆತು. ಅದ್ರಾಗೆ ಸತ್ತಿದ್ದೆಲ್ಲ ಎರಡು ವರ್ಷದೊಳಗಿನ ಮರಿಗಳೇ. ಈ ಜಾತಿ ಬಾಳಲ್ಲ, ಮಾರ್ಬಿಡಾಣ ಅಂದ್ರು ಮನೇರೆಲ್ಲ. ನಮ್ಮಪ್ಪ ಅಂದ, ಲೇ, ಬಂದು ಎರಡೇ ವರ್ಷ ಆಗೈತೆ, ಎಂಟು ವರ್ಷದ್ದು ಸಾಯಾಕೆ ಎಲ್ಲಿಂದ ಬರ್ಬೇಕು? ರೊಪ್ಪದಾಗೆ ನಿಂತಿರೋವನ್ನ ಎಣಿಸ್ರಿ ಅಂದ.”

ಆಮೇಲೆ ಅವನು ಇನ್ನೊಂದನ್ನು ಮುಚ್ಚಿಡಲಿಲ್ಲ. ಹಾಳೆಯನ್ನು ತಿರುಗಿಸಿ, ಇಪ್ಪತ್ತರಿಂದ ನಲವತ್ತರ ನಡುವಿನ ಸಾವುಗಳ ಸುತ್ತ ಗೆರೆ ಎಳೆದ. ಉಳಿದ ಜನಕ್ಕಿಂತ ಇವರು ಈ ವಯಸ್ಸಿನಲ್ಲಿ ಹೆಚ್ಚು ಸಾಯುತ್ತಾರೆ, ಅದು ಸುಳ್ಳಲ್ಲ ಎಂದ. ಒಂದೊಂದರ ಕಾರಣ ಓದಿಸಿದ. ಕುಡಿತ, ಮಾದಕ ವಸ್ತು, ವಾಹನ, ವಿಮಾನ.

“ಇಪ್ಪತ್ತೇಳು ಯಾರ್ನೂ ಕೊಲ್ಲಲ್ಲ ಕಣಲೇ. ನಿನ್ ಬಾಟ್ಲಿ ಕೊಲ್ತೈತೆ. ಇಪ್ಪತ್ತೆಂಟು ಆದ್ಮೇಲೂ ಕೊಲ್ತೈತೆ. ನನ್ ತಮ್ಮ ಆರ್ಕೆಸ್ಟ್ರಾದಾಗೆ ಕೀಬೋರ್ಡ್ ಬಾರಿಸ್ತಿದ್ದ. ಮೂವತ್ತೊಂದಕ್ಕೆ ಹೋದ, ಕುಡ್ದು. ಅವನ್ ಫೋಟೋ ಯಾವ್ ಗೋಡೆ ಮೇಲೈತೆ?”

ಮಂಜ ಎದ್ದ. “ಇದು ಕುರಿ ಲೆಕ್ಕ. ಸಂಗೀತ ನಿನಗೇನ್ ಗೊತ್ತು” ಎಂದು ಬಾಗಿಲು ಬಡಿದು ಹೋದ. ಈರಣ್ಣ ಹಾಳೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ.

ಇನ್ನು ಆ ಶನಿವಾರ. ಮುಂದಿನ ಶುಕ್ರವಾರ ಮಂಜನಿಗೆ ಇಪ್ಪತ್ತೆಂಟು ತುಂಬುವುದಿತ್ತು. ಮೂರನೇ ಹಾಡಿನ ನಡುವೆ ಅವನು ಗಿಟಾರ್ ಕೆಳಗಿಟ್ಟು, ಲೈಟು ಕಟ್ಟಿದ್ದ ಕಬ್ಬಿಣದ ಕಂಬ ಹತ್ತತೊಡಗಿದ. ಎರಡಾಳು ಎತ್ತರ ದಾಟಿದ. ಕುಡಿದಿದ್ದ. ಕಾಲು ಒಮ್ಮೆ ಜಾರಿತು. ಹುಡುಗರು ಶಿಳ್ಳೆ ಹೊಡೆದರು. ಅದೂ ಕಾರ್ಯಕ್ರಮದ ಭಾಗ ಎಂದುಕೊಂಡಿದ್ದರು. ಮೇಲಿನಿಂದ ಅವನು ನನ್ನ ಕಡೆ ನೋಡಿದ. ಖಾಲಿ ಚೌಕಟ್ಟನ್ನು ಕಟ್ಟಿಸಿದವನು ನಾನೇ ತಾನೆ. ನಾನು ಕದಲಲಿಲ್ಲ.

ಈರಣ್ಣ ಎಲ್ಲ ಸದ್ದನ್ನೂ ಕಡಿದ. ತನ್ನ ಮೈಕೊಂದನ್ನು ಮಾತ್ರ ಉಳಿಸಿಕೊಂಡ. ‘ಟ್ರ್ರ್ ಬಾ’ ಎಂದ. ಮೈದಾನಕ್ಕೆ ಮೈದಾನವೇ ನಕ್ಕಿತು. ಅವನು ಜೇಬಿನಿಂದ ಹಾಳೆ ತೆಗೆದು ಬದುಕಿರುವವರ ವಯಸ್ಸನ್ನು ಒಂದೊಂದಾಗಿ ಓದಿದ. “ಎಪ್ಪತ್ಮೂರು. ಎಪ್ಪತ್ತಾರು. ಎಂಬತ್ತು. ಇವ್ರೆಲ್ಲ ನಿನಗಿಂತ ಚೆನ್ನಾಗಿ ನುಡಿಸ್ತಾರೆ ಮಂಜ. ಬಿದ್ರೆ ನಿನ್ನ ಯಾರೂ ಗೋಡೆಗೆ ಹಾಕಲ್ಲ. ನಿಂಗೆ ಮೂರ್ ಹಾಡೂ ಸರಿಯಾಗಿ ಬರಲ್ಲ.”

ನಗು ಇನ್ನೂ ಜೋರಾಯಿತು. ಮಂಜ ಎರಡೂ ಕೈಯಲ್ಲಿ ಕಂಬ ಹಿಡಿದು ಇಳಿದ. ನೆಟ್ಟಗೆ ಮೇಜಿನ ಬಳಿ ಬಂದು ಈರಣ್ಣನ ಕೆನ್ನೆಗೆ ಹೊಡೆದ. ಕನ್ನಡಕ ಮಿಕ್ಸರ್ ಮೇಲೆ ಬಿದ್ದು ಒಂದು ಗಾಜು ಬಿರಿಯಿತು. ಈರಣ್ಣ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

“ಇಳಿದ್ಯಲ್ಲ” ಎಂದ. ಅಷ್ಟೇ.

ಆಮೇಲೆ ಅವರಿಬ್ಬರೂ ಮಾತಾಡಲಿಲ್ಲ. ತಂಡ ಅಂದೇ ಮುರಿಯಿತು. ಮಂಜ ಕುಡಿತ ಬಿಡಲು ಎರಡು ವರ್ಷ ಹಿಡಿಯಿತು, ಒಮ್ಮೆ ಆಸ್ಪತ್ರೆಯಲ್ಲೂ ಇದ್ದ. ಕಳೆದ ವರ್ಷ ಈರಣ್ಣ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಅರವತ್ನಾಲ್ಕು. ಮಣ್ಣಿಗೆ ರಾಮಗಿರಿಗೆ ಹೋಗಾಣ ಬಾ ಎಂದು ನಾನು ಫೋನ್ ಮಾಡಿದರೆ ಮಂಜ, “ಎರಡು ಸಾವಿರ ಜನರ ಮುಂದೆ ನನ್ನ ಕುರಿ ಮಾಡಿದ, ನಾನ್ಯಾಕೆ ಬರ್ಲಿ” ಎಂದ. ಬರಲಿಲ್ಲ.

ನಾನು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ನಂಬದವರು ಕೇಳಬಹುದು. ಬೇಸ್ ನುಡಿಸುತ್ತಿದ್ದ ಬಸವರಾಜ ಇದ್ದಾನೆ, ಹಿರೇಗುಂಟನೂರಿನಲ್ಲಿ, ಮೂವತ್ತಾರು. ಅಂದು ನನಗೆ ಲೈಟಿನ ಕಂಬ ಕಟ್ಟಿಕೊಟ್ಟಿದ್ದ ತಿಪ್ಪೇಸ್ವಾಮಿ ಇದ್ದಾನೆ, ಹಿರಿಯೂರಿನಲ್ಲಿ, ಐವತ್ತೆರಡು. ಕಂಬದ ಮೇಲಿದ್ದ ಮಂಜುನಾಥ ಇದ್ದಾನೆ, ಹೊಸದುರ್ಗದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾನೆ. ಅವನಿಗೀಗ ಮೂವತ್ತೈದು.